ಡಿಎನ್‌ಎಗೆ ರಿಪೇರಿ ಇದ್ದರೂ ಹೊಗೆಯಿಂದ ಕ್ಯಾನ್ಸರ್ ಬರುವುದು ಹೇಗೆ?

ಪ್ರಶ್ನೆ: ಸಿಗರೇಟಿನಿಂದ ಕ್ಯಾನ್ಸರ್ ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಜೀವಕೋಶದ ಒಳಗೆ ಏನಾಗುತ್ತದೆ ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ಡಿಎನ್‌ಎ ಕೆಟ್ಟರೆ ಜೀವಕೋಶವೇ ರಿಪೇರಿ ಮಾಡಿಕೊಳ್ಳುತ್ತದೆ ಅಂತ ಓದಿದ್ದೇನೆ. ಹಾಗಾದರೆ ಆ ರಿಪೇರಿ ಯಾಕೆ ಕೈಕೊಡುತ್ತದೆ? ನಮ್ಮ ದೊಡ್ಡಪ್ಪನಿಗೆ ಸಿಗರೇಟು ಬಿಟ್ಟು ಎಂಟು ವರ್ಷ ಆದಮೇಲೆ ಶ್ವಾಸಕೋಶದ ಕ್ಯಾನ್ಸರ್ ಬಂತು. ಅದು ಹೇಗೆ ಸಾಧ್ಯ?

ಉತ್ತರ: ರಿಪೇರಿ ಇದೆ. ಬಹಳ ಸಲ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಅದಕ್ಕೊಂದು ಗಡುವು ಇದೆ. ಡಿಎನ್‌ಎಗೆ ಪೆಟ್ಟು ಬಿದ್ದ ಮೇಲೆ, ಆ ಡಿಎನ್‌ಎ ನಕಲಾಗುವ ಮೊದಲು ರಿಪೇರಿ ಮುಗಿಯಬೇಕು. ಗಡುವು ತಪ್ಪಿದರೆ ಪೆಟ್ಟು ಮ್ಯುಟೇಶನ್, ಅಂದರೆ ಡಿಎನ್‌ಎ ಬರಹದಲ್ಲಿ ಶಾಶ್ವತ ಬದಲಾವಣೆ, ಆಗಿಬಿಡುತ್ತದೆ. ಆಮೇಲೆ ಅದನ್ನು ತಪ್ಪು ಎಂದು ಗುರುತಿಸುವ ದಾರಿಯೇ ಜೀವಕೋಶಕ್ಕೆ ಉಳಿಯುವುದಿಲ್ಲ. ನಿಮ್ಮ ಮೂರೂ ಪ್ರಶ್ನೆಗಳಿಗೆ ಉತ್ತರ ಇದರಲ್ಲೇ ಇದೆ. ಹೊಗೆಯಲ್ಲಿ ಸಾವಿರಾರು ರಾಸಾಯನಿಕಗಳಿವೆ, ಅವುಗಳಲ್ಲಿ ಸುಮಾರು 70 ಕ್ಯಾನ್ಸರ್‌ಕಾರಕ ಎಂದು ಗೊತ್ತಾಗಿದೆ. ಎಲ್ಲವನ್ನೂ ಹೇಳಹೊರಟರೆ ಯಾವುದೂ ತಲೆಗೆ ಹತ್ತುವುದಿಲ್ಲ. ಹಾಗಾಗಿ ಒಂದೇ ಒಂದು ಅಣುವನ್ನು ಹಿಡಿದು, ಅದು ಡಿಎನ್‌ಎಯ ಒಂದೇ ಒಂದು ಅಕ್ಷರವನ್ನು ಹೇಗೆ ಬದಲಿಸುತ್ತದೆ ಎಂದು ಕೊನೆಯವರೆಗೂ ನೋಡೋಣ.

ಆ ಅಣುವಿನ ಹೆಸರು ಬೆಂಜೋಪೈರೀನ್. ಎಲೆ, ಕಟ್ಟಿಗೆ, ಕಲ್ಲಿದ್ದಲು ಯಾವುದೇ ಆಗಲಿ, ಅರೆಬರೆ ಸುಟ್ಟಾಗ ಇದು ಹುಟ್ಟುತ್ತದೆ. ಇಂಗಾಲದ ಐದು ಉಂಗುರಗಳು ಒಂದಕ್ಕೊಂದು ಅಂಟಿಕೊಂಡಿರುವ ಚಪ್ಪಟೆ ಅಣು. ಒಂದು ಸಿಗರೇಟಿನಿಂದ ಒಳಗೆ ಎಳೆದುಕೊಳ್ಳುವ ಹೊಗೆಯಲ್ಲಿ ಇದು ಸುಮಾರು 10 ನ್ಯಾನೋಗ್ರಾಮ್ ಇರುತ್ತದೆ. ಇಷ್ಟೇನಾ ಅನಿಸಬಹುದು. ಅಣುಗಳ ಲೆಕ್ಕದಲ್ಲಿ ನೋಡಿದರೆ ಅದು ಸುಮಾರು 24 ಲಕ್ಷ ಕೋಟಿ ಅಣು. ಅದರಲ್ಲಿ ಬಹುಪಾಲು ಡಿಎನ್‌ಎಯನ್ನು ಮುಟ್ಟುವುದೇ ಇಲ್ಲ. ಆದರೆ ಒಂದು ಪುಟ್ಟ ಪಾಲು ಮುಟ್ಟಿದರೂ ಸಾಕು.

ವಿಚಿತ್ರ ಏನೆಂದರೆ, ಬೆಂಜೋಪೈರೀನ್ ತಾನಾಗಿಯೇ ಡಿಎನ್‌ಎಗೆ ಏನೂ ಮಾಡುವುದಿಲ್ಲ. ಅದು ಜಡ ವಸ್ತು. ಅದನ್ನು ಅಪಾಯಕಾರಿ ಮಾಡುವುದು ನಮ್ಮ ಜೀವಕೋಶವೇ. ಈ ಅಣು ಕೊಬ್ಬಿನಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲ. ನೀರಿನಲ್ಲಿ ಕರಗದ್ದನ್ನು ದೇಹ ಸುಲಭವಾಗಿ ಹೊರಹಾಕಲಾರದು. ಆದ್ದರಿಂದ ಸಿವೈಪಿ1ಎ1 ಎಂಬ ಕಿಣ್ವ ಅದಕ್ಕೆ ಆಮ್ಲಜನಕ ಸೇರಿಸಿ, ನೀರಿನಲ್ಲಿ ಕರಗುವಂತೆ ಮಾಡಲು ಹೊರಡುತ್ತದೆ. ಮೊದಲು ಒಂದು ಆಮ್ಲಜನಕ ಸೇರುತ್ತದೆ. ಇನ್ನೊಂದು ಕಿಣ್ವ ಅದಕ್ಕೆ ನೀರನ್ನು ಸೇರಿಸುತ್ತದೆ. ಆಮೇಲೆ ಮತ್ತೆ ಮೊದಲಿನ ಕಿಣ್ವವೋ ಅದರ ಬಳಗದ ಇನ್ನೊಂದೋ ಎರಡನೇ ಸಲ ಆಮ್ಲಜನಕ ಸೇರಿಸುತ್ತದೆ. ಹೀಗೆ ಮೂರು ಹೆಜ್ಜೆಯಲ್ಲಿ ಹುಟ್ಟುವ ವಸ್ತುವಿಗೆ ಬಿಪಿಡಿಇ ಎನ್ನುತ್ತಾರೆ. ಅದರ ಒಂದು ಮೂಲೆಯಲ್ಲಿ ಮೂರೇ ಪರಮಾಣುಗಳ ಬಿಗಿಯಾದ ಉಂಗುರ ಇರುತ್ತದೆ. ಆ ಬಿಗಿತ ಸಡಿಲಾಗಲು ಅದು ಯಾವುದಕ್ಕಾದರೂ ಅಂಟಿಕೊಳ್ಳಲೇಬೇಕು. ಹತ್ತಿರದಲ್ಲಿ ನೀರು ಸಿಕ್ಕರೆ ನೀರಿಗೆ, ವಿಷವನ್ನು ನಿರುಪದ್ರವಿ ಮಾಡಲು ಜೀವಕೋಶ ಇಟ್ಟುಕೊಂಡಿರುವ ಗ್ಲುಟಾಥಯೋನ್ ಸಿಕ್ಕರೆ ಅದಕ್ಕೆ. ಇವೆರಡರಿಂದ ತೊಂದರೆ ಇಲ್ಲ. ಡಿಎನ್‌ಎ ಸಿಕ್ಕಿದರೆ ಮಾತ್ರ ಅನಾಹುತ.

ಇನ್ನೊಂದು ಮಾತು. ಹೊಗೆ ಬರುತ್ತಿದ್ದಷ್ಟೂ ಜೀವಕೋಶ ಈ ಸಿವೈಪಿ1ಎ1 ಕಿಣ್ವವನ್ನು ಜಾಸ್ತಿ ತಯಾರಿಸುತ್ತದೆ. ಬೆಂಜೋಪೈರೀನ್ ಬಂದಿದೆ ಎಂದು ಗುರುತಿಸುವ ಒಂದು ಪ್ರೋಟೀನ್ ಜೀವಕೋಶದಲ್ಲಿದೆ, ಅದೇ ಈ ಜೀನನ್ನು ಚಾಲೂ ಮಾಡುತ್ತದೆ. ಇಷ್ಟು ವರ್ಷ ಸೇದಿ ದೇಹಕ್ಕೆ ಅಭ್ಯಾಸವಾಗಿದೆ, ಇನ್ನೇನೂ ಆಗುವುದಿಲ್ಲ ಎಂದು ಕೆಲವರು ನಂಬಿರುತ್ತಾರೆ. ಈ ವಿಷಯದಲ್ಲಿ ಅಭ್ಯಾಸ ಎಂದರೆ ಬಿಪಿಡಿಇ ಇನ್ನಷ್ಟು ಬೇಗ ತಯಾರಾಗುವುದು, ಅಷ್ಟೇ.

ಈಗ ಡಿಎನ್‌ಎಗೆ ಬರೋಣ. ಅದರ ಬರಹದಲ್ಲಿ ಎ, ಟಿ, ಜಿ, ಸಿ ಎಂಬ ನಾಲ್ಕು ಅಕ್ಷರಗಳಿವೆ. ಎರಡು ಎಳೆಗಳಲ್ಲಿ ಎ ಎದುರಿಗೆ ಟಿ, ಜಿ ಎದುರಿಗೆ ಸಿ ಇರುತ್ತದೆ. ಬಿಪಿಡಿಇಗೆ ಇವುಗಳಲ್ಲಿ ಜಿ, ಅಂದರೆ ಗ್ವಾನೀನ್ ಮೇಲೆ ವಿಶೇಷ ಒಲವು. ಅದರ ಪಕ್ಕದಲ್ಲಿ ಚಾಚಿಕೊಂಡಿರುವ ಒಂದು ಸಾರಜನಕಕ್ಕೆ ಗಟ್ಟಿಯಾಗಿ ಬೆಸೆದುಕೊಂಡುಬಿಡುತ್ತದೆ. ಇದು ತೊಳೆದರೆ ಹೋಗುವ ಮಸಿಯಲ್ಲ, ರಾಸಾಯನಿಕ ಬಂಧ. ಅಕ್ಷರಕ್ಕಿಂತ ದೊಡ್ಡದಾದ ಒಂದು ಗಂಟು ಅಲ್ಲಿ ಕೂತುಕೊಳ್ಳುತ್ತದೆ. ವಿಜ್ಞಾನಿಗಳು ಇದನ್ನು ಅಡಕ್ಟ್ ಎನ್ನುತ್ತಾರೆ. ನಾನು ಗಂಟು ಎಂದೇ ಬರೆಯುತ್ತೇನೆ.

ಇಲ್ಲಿಯವರೆಗೆ ಆಗಿರುವುದು ಹಾನಿ ಮಾತ್ರ. ಮ್ಯುಟೇಶನ್ ಇನ್ನೂ ಆಗಿಲ್ಲ. ಗಂಟಿನ ಅಡಿಯಲ್ಲಿರುವ ಅಕ್ಷರ ಈಗಲೂ ಜಿ. ಎದುರಿನ ಎಳೆಯಲ್ಲಿ ಸರಿಯಾದ ಸಿ ಹಾಗೇ ಇದೆ. ಅಂದರೆ ಸರಿಯಾದ ಮಾಹಿತಿ ಇನ್ನೂ ಕಳೆದುಹೋಗಿಲ್ಲ. ರಿಪೇರಿ ಸಾಧ್ಯವಾಗುವುದು ಇದೇ ಕಾರಣಕ್ಕೆ. ಸುಮಾರು 20 ಪ್ರೋಟೀನ್‌ಗಳ ತಂಡ ಬಂದು, ಗಂಟಿನ ಎರಡೂ ಕಡೆ ಎಳೆಯನ್ನು ಕತ್ತರಿಸುತ್ತದೆ. ಗಂಟೂ ಸೇರಿ ಸುಮಾರು 30 ಅಕ್ಷರಗಳ ತುಂಡನ್ನು ಎತ್ತಿ ಎಸೆಯುತ್ತದೆ. ಎದುರಿನ ಎಳೆಯನ್ನು ನೋಡಿಕೊಂಡು ಖಾಲಿ ಜಾಗ ತುಂಬುತ್ತದೆ. ಕೊನೆಗೆ ತುದಿಗಳನ್ನು ಬೆಸೆಯುತ್ತದೆ. ಕೆಲಸ ಮುಗಿದ ಮೇಲೆ ಗಾಯದ ಗುರುತೂ ಇರುವುದಿಲ್ಲ. ಈ ರಿಪೇರಿಯ ಬೆಲೆ ಏನು ಎಂದು ಗೊತ್ತಾಗುವುದು ಅದು ಹುಟ್ಟಿನಿಂದಲೇ ಇಲ್ಲದವರನ್ನು ನೋಡಿದಾಗ. ಕ್ಸೆರೋಡರ್ಮಾ ಪಿಗ್ಮೆಂಟೋಸಮ್ ಎಂಬ ಕಾಯಿಲೆಯ ಮಕ್ಕಳಿಗೆ ಬಿಸಿಲು ತಾಗಿದರೆ ಚಿಕ್ಕ ವಯಸ್ಸಿನಲ್ಲೇ ಚರ್ಮದ ಕ್ಯಾನ್ಸರ್ ಬರುತ್ತದೆ. ಬಿಸಿಲು ಮಾಡುವ ಹಾನಿಯನ್ನು ತೆಗೆಯುವುದೂ ಇದೇ ತಂಡ.

ಆದರೆ ಈ ತಂಡಕ್ಕೆ ಗಂಟು ಎಲ್ಲಿದೆ ಎಂದು ಗೊತ್ತಾಗಬೇಕಲ್ಲ? ಒಂದು ಜೀವಕೋಶದ ಡಿಎನ್‌ಎಯಲ್ಲಿ ಸುಮಾರು 600 ಕೋಟಿ ಅಕ್ಷರಜೋಡಿಗಳಿವೆ. ಅಷ್ಟರಲ್ಲಿ ಒಂದು ಗಂಟನ್ನು ಹುಡುಕಲು ಎರಡು ದಾರಿಗಳಿವೆ. ಒಂದು ಬೇಗನೆಯದು. ಜೀನ್ ಕೆಲಸ ಮಾಡುತ್ತಿರುವಾಗ ಒಂದು ಯಂತ್ರ ಅದರ ಒಂದು ಎಳೆಯ ಮೇಲೆ ಓದುತ್ತಾ ಸಾಗುತ್ತದೆ. ರಸ್ತೆಯಲ್ಲಿ ಬಂಡೆ ಬಿದ್ದಿದ್ದರೆ ಮೊದಲು ಗೊತ್ತಾಗುವುದು ಅಲ್ಲಿ ಬಂದು ನಿಂತ ಗಾಡಿಗೆ ಅಲ್ವಾ, ಹಾಗೆ ಈ ಯಂತ್ರ ಗಂಟಿನ ಬಳಿ ಸಿಕ್ಕಿಹಾಕಿಕೊಳ್ಳುತ್ತದೆ, ತಂಡ ನೇರವಾಗಿ ಅಲ್ಲಿಗೇ ಬರುತ್ತದೆ. ಎರಡನೆಯದು ನಿಧಾನದ ದಾರಿ. ಎಕ್ಸ್‌ಪಿಸಿ ಎಂಬ ಪ್ರೋಟೀನ್ ಇಡೀ ಡಿಎನ್‌ಎಯನ್ನು ತಡಕುತ್ತಾ, ಎಲ್ಲಿ ಎಳೆಗಳ ಆಕಾರ ಸೊಟ್ಟಗಾಗಿದೆ ಎಂದು ನೋಡುತ್ತಾ ಹೋಗುತ್ತದೆ. ಓದಿಸಿಕೊಳ್ಳದ ಎದುರಿನ ಎಳೆಗೆ ಇರುವುದು ಈ ಎರಡನೆಯ ದಾರಿ ಮಾತ್ರ.

ಇದು ಸುಮ್ನೆ ಸಣ್ಣ ವಿವರ ಅಲ್ಲ, ಇಡೀ ಕಥೆ ತಿರುಗುವುದೇ ಇಲ್ಲಿ. ಕ್ಯಾನ್ಸರ್ ಬರದಂತೆ ಕಾಯುವ ಟಿಪಿ53 ಎಂಬ ಜೀನನ್ನು ತೆಗೆದುಕೊಳ್ಳಿ. ಅದರಿಂದ ತಯಾರಾಗುವ ಪಿ53 ಪ್ರೋಟೀನ್ 393 ಅಮೈನೋ ಆಮ್ಲಗಳ ಸರಪಳಿ. ಮೂರು ಮೂರು ಅಕ್ಷರ ಸೇರಿ ಒಂದು ಅಮೈನೋ ಆಮ್ಲವನ್ನು ಸೂಚಿಸುತ್ತವೆ. 157ನೇ ಜಾಗದಲ್ಲಿ ಇರುವುದು ಜಿಟಿಸಿ, ಅದರ ಅರ್ಥ ವ್ಯಾಲೀನ್. ಇಲ್ಲಿನ ಮೊದಲ ಜಿ ಮೂರು ಕಾರಣಕ್ಕೆ ದುರದೃಷ್ಟದ್ದು. ಅದರ ಹಿಂದಿನ ಅಕ್ಷರ ಸಿ, ಆ ಸಿ ಮೇಲೆ ಮೀಥೈಲ್ ಎಂಬ ಪುಟ್ಟ ಗುಂಪು ಕೂತಿರುತ್ತದೆ. ಹಾಗೆ ಮೀಥೈಲ್ ಇರುವ ಸಿ ಪಕ್ಕದ ಜಿಗೆ ಬಿಪಿಡಿಇ ಇನ್ನೂ ಸುಲಭವಾಗಿ ಅಂಟುತ್ತದೆ. ಎರಡನೆಯದಾಗಿ, ಈ ಜಿ ಇರುವುದು ಓದಿಸಿಕೊಳ್ಳದ ಎಳೆಯಲ್ಲಿ, ಅಂದರೆ ನಿಧಾನವಾಗಿ ರಿಪೇರಿಯಾಗುವ ಕಡೆ. ಮೂರನೆಯದಾಗಿ, ಅದು ಬದಲಾದರೆ ಪ್ರೋಟೀನ್ ಕೆಡುತ್ತದೆ. 1996ರಲ್ಲಿ ಗೆರ್ಡ್ ಫೈಫರ್ ಮತ್ತು ಸಂಗಡಿಗರು ಮನುಷ್ಯರ ಜೀವಕೋಶಗಳಿಗೆ ಬಿಪಿಡಿಇ ಕೊಟ್ಟು, ಈ ಜೀನಿನಲ್ಲಿ ಗಂಟುಗಳು ಎಲ್ಲೆಲ್ಲಿ ಕೂರುತ್ತವೆ ಎಂದು ಅಕ್ಷರ ಅಕ್ಷರವಾಗಿ ಗುರುತು ಮಾಡಿದರು. 157, 248 ಮತ್ತು 273ನೇ ಜಾಗಗಳಲ್ಲಿ ಗಂಟುಗಳು ದಟ್ಟವಾಗಿದ್ದವು. ಶ್ವಾಸಕೋಶದ ಕ್ಯಾನ್ಸರ್ ರೋಗಿಗಳಲ್ಲಿ ಈ ಜೀನ್ ಮತ್ತೆ ಮತ್ತೆ ಕೆಟ್ಟಿರುವ ಜಾಗಗಳೂ ಅವೇ. ಅಲ್ಲಿಯವರೆಗೆ ಹೊಗೆ ಮತ್ತು ಕ್ಯಾನ್ಸರಿನ ನಂಟನ್ನು ಹೆಚ್ಚಾಗಿ ಜನರ ಅಂಕಿಅಂಶದಿಂದ ತೋರಿಸುತ್ತಿದ್ದರು. ಒಂದು ಅಣು, ಒಂದು ಅಕ್ಷರದ ಮಟ್ಟದಲ್ಲಿ ಅದು ಹೀಗೆ ಕಣ್ಣಿಗೆ ಕಟ್ಟಿದ್ದು ಈ ಕೆಲಸದಿಂದ. ನನಗೆ ಈಗಲೂ ಇದು ಈ ಕ್ಷೇತ್ರದ ಅತ್ಯಂತ ಸೊಗಸಾದ ಪ್ರಯೋಗಗಳಲ್ಲಿ ಒಂದು.

ಈಗ ಆ 157ನೇ ಜಾಗದ ಜಿ ಮೇಲೆ ಗಂಟು ಕೂತಿದೆ, ಎಕ್ಸ್‌ಪಿಸಿ ಇನ್ನೂ ಅಲ್ಲಿಗೆ ಬಂದಿಲ್ಲ ಎಂದುಕೊಳ್ಳಿ. ಅಷ್ಟರಲ್ಲಿ ಜೀವಕೋಶ ಎರಡಾಗಲು ಹೊರಟಿತು. ಡಿಎನ್‌ಎ ನಕಲಾಗಲು ಶುರುವಾಯಿತು. ಮಾಮೂಲಿ ನಕಲು ಮಾಡುವ ಕಿಣ್ವ ಬಹಳ ಕಟ್ಟುನಿಟ್ಟಿನದು. ಗಂಟು ಕಂಡರೆ ನಿಂತುಬಿಡುತ್ತದೆ. ಆದರೆ ನಕಲು ಅರ್ಧಕ್ಕೆ ನಿಂತರೆ ಎಳೆ ಮುರಿಯಬಹುದು, ಜೀವಕೋಶ ಸಾಯಬಹುದು. ಅದಕ್ಕಾಗಿ ಜೀವಕೋಶದ ಬಳಿ ಕೆಲವು ಬದಲಿ ಕಿಣ್ವಗಳಿವೆ. ಇವು ಅಷ್ಟು ಕಟ್ಟುನಿಟ್ಟಲ್ಲ, ಗಂಟಿದ್ದರೂ ದಾಟಿ ಹೋಗುತ್ತವೆ. ಇವುಗಳಲ್ಲಿ ಕಪ್ಪಾ ಎಂಬುದು ಈ ಗಂಟಿನ ಎದುರಿಗೆ ಸಾಮಾನ್ಯವಾಗಿ ಸರಿಯಾದ ಸಿ ಇಡುತ್ತದೆ. ಈಟಾ ಎಂಬುದು ಬಂದರೆ ಹೆಚ್ಚಾಗಿ ಎ ಇಡುತ್ತದೆ. ಜಿ ಎದುರಿಗೆ ಎ. ತಪ್ಪು ಆಗಿದ್ದು ಈ ಕ್ಷಣದಲ್ಲಿ.

ಮುಂದಿನ ಸಲ ಜೀವಕೋಶ ಎರಡಾದಾಗ ಆ ಎ ಎದುರಿಗೆ ನಿಯಮದಂತೆ ಟಿ ಬರುತ್ತದೆ. ಅಲ್ಲಿಗೆ ಮುಗಿಯಿತು. ಮೊದಲು ಜಿ-ಸಿ ಜೋಡಿ ಇದ್ದ ಜಾಗದಲ್ಲಿ ಈಗ ಟಿ-ಎ ಜೋಡಿ ಇದೆ. ಜಿಟಿಸಿ ಹೋಗಿ ಟಿಟಿಸಿ ಆಗಿದೆ. ಈ ಹೊಸ ಎಳೆಯಲ್ಲಿ ಗಂಟಿಲ್ಲ, ಆಕಾರ ಸೊಟ್ಟಗಿಲ್ಲ, ಜೋಡಿ ತಪ್ಪಿಲ್ಲ. ರಾಸಾಯನಿಕವಾಗಿ ಅದು ಪೂರ್ತಿ ಆರೋಗ್ಯವಂತ ಡಿಎನ್‌ಎ. ಎಕ್ಸ್‌ಪಿಸಿ ಸಾವಿರ ಸಲ ಆ ದಾರಿಯಲ್ಲಿ ಹೋದರೂ ಅದಕ್ಕೆ ಕಾಣುವಂಥದ್ದು ಏನೂ ಇಲ್ಲ. ರಿಪೇರಿ ಕೈಕೊಡುತ್ತದೆ ಎಂದು ನೀವು ಕೇಳಿದ್ದಿರಲ್ಲ, ಬಹುಪಾಲು ಅದು ಹೀಗೆಯೇ. ರಿಪೇರಿಯ ಯಂತ್ರ ಕೆಟ್ಟಿರಬೇಕೆಂದೇನಿಲ್ಲ. ಅದು ತಡವಾಗಿ ಬಂದರೆ ಸಾಕು.

ತಡ ಆಗುವಂತೆ ಹೊಗೆಯೇ ಮಾಡುತ್ತದೆ ಎಂಬುದು ನನ್ನನ್ನು ಬಹಳ ಕಾಡುವ ಸಂಗತಿ. ಶ್ವಾಸನಾಳದ ಒಳಪದರದ ಜೀವಕೋಶಗಳು ಸಾಮಾನ್ಯವಾಗಿ ನಿಧಾನವಾಗಿ ವಿಭಜನೆಯಾಗುತ್ತವೆ. ರಿಪೇರಿಗೆ ಸಾಕಷ್ಟು ಸಮಯ ಇರುತ್ತದೆ. ಹೊಗೆ ಮೇಲ್ಪದರದ ಜೀವಕೋಶಗಳನ್ನು ಸಾಯಿಸುತ್ತದೆ, ಉರಿಯೂತ ತರುತ್ತದೆ. ಸತ್ತವುಗಳ ಜಾಗ ತುಂಬಲು ಕೆಳಗಿರುವ ತಳದ ಜೀವಕೋಶಗಳು ಬೇಗ ಬೇಗ ವಿಭಜನೆಯಾಗಬೇಕಾಗುತ್ತದೆ. ಒಂದೇ ಹೊಗೆ ಒಂದು ಕಡೆ ಗಂಟು ಹಾಕುತ್ತದೆ, ಇನ್ನೊಂದು ಕಡೆ ಗಡುವನ್ನು ಹತ್ತಿರ ತರುತ್ತದೆ. ಇದು ಸಾಲದು ಎಂಬಂತೆ ಹೊಗೆಯಲ್ಲಿ ಅಕ್ರೋಲೀನ್‌ನಂಥ ಆಲ್ಡಿಹೈಡ್‌ಗಳೂ ಇವೆ. ಇವು ರಿಪೇರಿ ಪ್ರೋಟೀನ್‌ಗಳಿಗೇ ಅಂಟಿಕೊಂಡು ಅವುಗಳ ಕೆಲಸ ಕುಗ್ಗಿಸುತ್ತವೆ ಎಂದು ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ಕಂಡಿದೆ.

ಟಿಟಿಸಿ ಎಂದರೆ ಫಿನೈಲ್‌ಅಲನೀನ್. 157ನೇ ಜಾಗ ಇರುವುದು ಪಿ53 ಪ್ರೋಟೀನಿನ ಒಳಗಡೆ, ಒತ್ತೊತ್ತಾಗಿ ಮಡಚಿರುವ ಕಡೆ. ಅಲ್ಲಿ ಚಿಕ್ಕ ವ್ಯಾಲೀನ್ ಇದ್ದ ಜಾಗಕ್ಕೆ ದಪ್ಪದೊಂದು ಅಮೈನೋ ಆಮ್ಲ ಬಂದು ಕೂತರೆ ಮಡಿಕೆ ನಿಲ್ಲುವುದಿಲ್ಲ. ಪ್ರೋಟೀನ್ ಡಿಎನ್‌ಎಯನ್ನು ಹಿಡಿಯುವ ಶಕ್ತಿ ಕಳೆದುಕೊಳ್ಳುತ್ತದೆ. ಪಿ53 ಮಾಡುತ್ತಿದ್ದ ಕೆಲಸ ಏನು ಗೊತ್ತೇ? ಡಿಎನ್‌ಎಗೆ ಹಾನಿಯಾದಾಗ ವಿಭಜನೆಯನ್ನು ತಡೆದು ನಿಲ್ಲಿಸುವುದು. ರಿಪೇರಿಗೆ ಸಮಯ ಕೊಡಿಸುತ್ತಿದ್ದದ್ದೇ ಅದು. ಹಾನಿ ತೀರಾ ಜಾಸ್ತಿಯಾದರೆ ಆ ಜೀವಕೋಶ ತನ್ನನ್ನು ತಾನೇ ಕೊನೆಗೊಳಿಸಿಕೊಳ್ಳುವಂತೆಯೂ ಮಾಡುತ್ತಿತ್ತು. ಇನ್ನೊಂದು ಕೆಲಸವೂ ಅದಕ್ಕಿತ್ತು. ಎಕ್ಸ್‌ಪಿಸಿ ಜೀನಿನ ಕೆಲಸ ಹೆಚ್ಚಾಗಲು ಪಿ53 ಬೇಕು. ಅಂದರೆ ಪಿ53 ಹೋದರೆ ನಿಧಾನದ ಆ ಎರಡನೇ ರಿಪೇರಿ ದಾರಿ ಇನ್ನೂ ನಿಧಾನವಾಗುತ್ತದೆ. ರಿಪೇರಿ ತಡವಾದ್ದರಿಂದ ಹುಟ್ಟಿದ ಮ್ಯುಟೇಶನ್ ಮುಂದಿನ ರಿಪೇರಿಯನ್ನೂ ತಡ ಮಾಡುತ್ತದೆ. ಪ್ರತಿ ಜೀವಕೋಶದಲ್ಲಿ ಈ ಜೀನಿನ ಎರಡು ಪ್ರತಿಗಳಿರುವುದರಿಂದ ಸಾಮಾನ್ಯವಾಗಿ ಎರಡನೆಯ ಪ್ರತಿಯೂ ಮುಂದೆ ಎಂದೋ ಕಳೆದುಹೋಗಬೇಕು. ಅದಕ್ಕೆ ವರ್ಷಗಳೇ ಹಿಡಿಯಬಹುದು.

ಒಂದು ಜೀನ್ ಕೆಟ್ಟ ಮಾತ್ರಕ್ಕೆ ಕ್ಯಾನ್ಸರ್ ಆಗುವುದಿಲ್ಲ. ತಡೆಯುವ ಜೀನ್ ಹೋಗಬೇಕು, ಜೊತೆಗೆ ಬೆಳೆಯಿರಿ ಎನ್ನುವ ಜೀನ್ ಬಿಡದೆ ಕೂಗುತ್ತಿರಬೇಕು. ಎರಡನೆಯದಕ್ಕೆ ಹೆಸರುವಾಸಿ ಕೆರಾಸ್ ಜೀನ್. ಅದರ 12ನೇ ಜಾಗದಲ್ಲಿ ಜಿಜಿಟಿ ಇದೆ, ಅಂದರೆ ಗ್ಲೈಸೀನ್. ಅಲ್ಲಿಯೂ ಮೊದಲ ಜಿ ಹೋಗಿ ಟಿ ಬಂದರೆ ಟಿಜಿಟಿ, ಅಂದರೆ ಸಿಸ್ಟೀನ್. ಆಗ ಈ ಪ್ರೋಟೀನ್ ಆರಿಹೋಗಬೇಕಾದಾಗ ಆರುವುದಿಲ್ಲ. ಹೊಗೆ ಸೇದಿದವರ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಈ ಬದಲಾವಣೆ ಎದ್ದು ಕಾಣುತ್ತದೆ. 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸೋಟೊರಾಸಿಬ್ ಎಂಬ ಔಷಧಿ ಹಿಡಿದುಕೊಳ್ಳುವುದು ಇದೇ ಸಿಸ್ಟೀನನ್ನು. ಆರೋಗ್ಯವಂತ ಜೀವಕೋಶದ ಕೆರಾಸ್‌ನಲ್ಲಿ ಆ ಜಾಗದಲ್ಲಿ ಸಿಸ್ಟೀನ್ ಇಲ್ಲ, ಆದ್ದರಿಂದ ಅದರ ತಂಟೆಗೆ ಔಷಧಿ ಹೋಗುವುದಿಲ್ಲ.

ಬೆಂಜೋಪೈರೀನ್ ಒಂದೇ ತಪ್ಪಿತಸ್ಥ ಎಂದು ತಿಳಿಯಬೇಡಿ. ಎನ್‌ಎನ್‌ಕೆ ಎಂಬ ನೈಟ್ರೋಸಮೀನ್ ತಂಬಾಕಿಗೇ ವಿಶಿಷ್ಟವಾದದ್ದು. ಅದು ಜಿ ಮೇಲೆ ಪುಟ್ಟ ಮೀಥೈಲ್ ಗುಂಪನ್ನು ಇಡುತ್ತದೆ. ಅದನ್ನು ತೆಗೆಯಲು ಬೇರೆಯದೇ ಪ್ರೋಟೀನ್ ಇದೆ, ಆದರೆ ಅದರ ಒಂದು ಅಣು ಒಂದೇ ಗುಂಪನ್ನು ತೆಗೆದು ತಾನೂ ನಿರುಪಯೋಗಿಯಾಗುತ್ತದೆ. ಸಂಗ್ರಹ ಖಾಲಿಯಾದರೆ ಹೊಸದು ತಯಾರಾಗುವವರೆಗೆ ಕಾಯಬೇಕು. ಅಲ್ಲಿಯೂ ಅದೇ ಗಡುವಿನ ಕಥೆ.

ಇದೆಲ್ಲ ನಿಜವಾದ ರೋಗಿಯ ಗೆಡ್ಡೆಯಲ್ಲಿ ಆಗಿದೆ ಎಂದು ಹೇಗೆ ಗೊತ್ತು? ಗೆಡ್ಡೆಯ ಇಡೀ ಡಿಎನ್‌ಎಯನ್ನು ಓದಿದರೆ ಗೊತ್ತಾಗುತ್ತದೆ. 2010ರಲ್ಲಿ ಒಬ್ಬ ರೋಗಿಯ ಶ್ವಾಸಕೋಶದ ಕ್ಯಾನ್ಸರಿನಿಂದ ಬೆಳೆಸಿದ ಜೀವಕೋಶಗಳನ್ನು ಹೀಗೆ ಓದಿದಾಗ 22,910 ಅಕ್ಷರ ಬದಲಾವಣೆಗಳು ಸಿಕ್ಕವು. ಸರಾಸರಿ ಪ್ರತಿ 15 ಸಿಗರೇಟಿಗೆ ಒಂದು ಬದಲಾವಣೆ ಎಂದು ಆ ಸಂಶೋಧಕರು ಅಂದಾಜು ಮಾಡಿದರು. ಜಿ ಹೋಗಿ ಟಿ ಬಂದಿರುವುದು ಅಲ್ಲಿ ಎದ್ದು ಕಾಣುತ್ತಿತ್ತು, ಅದೂ ಓದಿಸಿಕೊಳ್ಳದ ಎಳೆಯ ಜಿಗಳೇ ಹೆಚ್ಚು. ರಿಪೇರಿ ಎಲ್ಲಿ ತಡವಾಗಿತ್ತೋ ಅದರ ದಾಖಲೆ ಹಾಗೇ ಉಳಿದಿತ್ತು. ಪ್ರಯೋಗಾಲಯದಲ್ಲಿ ಜೀವಕೋಶಗಳಿಗೆ ಬರೀ ಬೆಂಜೋಪೈರೀನ್ ಕೊಟ್ಟರೂ ಹೆಚ್ಚುಕಡಿಮೆ ಇದೇ ಮಾದರಿ ಮೂಡುತ್ತದೆ. 2016ರ ಇನ್ನೊಂದು ದೊಡ್ಡ ಅಧ್ಯಯನದ ಪ್ರಕಾರ, ದಿನಕ್ಕೆ ಒಂದು ಪ್ಯಾಕ್‌ನಂತೆ ಒಂದು ವರ್ಷ ಸೇದಿದರೆ ಶ್ವಾಸಕೋಶದ ಒಂದು ಜೀವಕೋಶದಲ್ಲಿ ಸರಾಸರಿ 150 ಮ್ಯುಟೇಶನ್ ಸೇರುತ್ತವೆ. ಧ್ವನಿಪೆಟ್ಟಿಗೆಯಲ್ಲಿ 97, ಹೊಗೆ ನೇರವಾಗಿ ಮುಟ್ಟದ ಮೂತ್ರಕೋಶದಲ್ಲೂ 18.

ಈ ಸಂಖ್ಯೆಗಳು ಸರಾಸರಿ ಎಂಬುದನ್ನು ಮರೆಯಬಾರದು. ಅವನ್ನು ಹಿಡಿದು ಒಬ್ಬ ವ್ಯಕ್ತಿಯ ಭವಿಷ್ಯ ಹೇಳಲಾಗದು. ಬಹುಪಾಲು ಮ್ಯುಟೇಶನ್‌ಗಳು ಡಿಎನ್‌ಎಯ ಯಾವುದೋ ಮೂಲೆಯಲ್ಲಿ ಬಿದ್ದು ಏನೂ ಮಾಡುವುದಿಲ್ಲ. ಕೆಲವು ಜೀನ್‌ಗಳ ಕೆಲವೇ ಜಾಗಗಳಲ್ಲಿ, ಒಂದೇ ಜೀವಕೋಶದಲ್ಲಿ, ಹಲವು ಏಟು ಬೀಳಬೇಕು. ಆದ್ದರಿಂದಲೇ ಜೀವನವಿಡೀ ಸೇದಿಯೂ ಕ್ಯಾನ್ಸರ್ ಬರದವರು ಇದ್ದಾರೆ. ಅವರ ಜೀವಕೋಶಗಳಲ್ಲಿ ಮ್ಯುಟೇಶನ್ ಇಲ್ಲವೆಂದಲ್ಲ, ಬೀಳಬಾರದ ಜಾಗಗಳಲ್ಲಿ ಒಟ್ಟಿಗೆ ಬಿದ್ದಿಲ್ಲ. ಪ್ರತಿ ಸಿಗರೇಟೂ ಹೊಸದಾಗಿ ಅದೇ ಜೂಜಾಟ ಆಡಿಸುತ್ತದೆ.

ಈಗ ನಿಮ್ಮ ದೊಡ್ಡಪ್ಪನ ವಿಷಯ. ಅವರು ಸಿಗರೇಟು ಬಿಟ್ಟ ದಿನದಿಂದ ಹೊಗೆಯ ಹೊಸ ಗಂಟುಗಳು ಬೀಳುವುದು ನಿಂತಿತು. ಆಗ ಇದ್ದ ಗಂಟುಗಳನ್ನು ರಿಪೇರಿ ತಂಡ ತೆಗೆದುಹಾಕಿರಬಹುದು, ಗಂಟಿದ್ದ ಕೆಲವು ಜೀವಕೋಶಗಳು ಉದುರಿಯೂ ಹೋಗಿರಬಹುದು. ಆದರೆ ಆಗಲೇ ಮ್ಯುಟೇಶನ್ ಆಗಿಹೋಗಿದ್ದ ಅಕ್ಷರಗಳು ಹಾಗೇ ಉಳಿದವು. ಅಂಥ ಹಲವು ಏಟು ತಿಂದ ಒಂದು ಜೀವಕೋಶದ ವಂಶ ಸದ್ದಿಲ್ಲದೆ ಬೆಳೆಯುತ್ತಾ ಬಂದಿರುತ್ತದೆ. ಬಾಕಿ ಇದ್ದ ಒಂದೆರಡು ಏಟಿಗೆ ಹೊಗೆಯೇ ಬೇಕೆಂದಿಲ್ಲ, ವಯಸ್ಸಾದಂತೆ ತಾನಾಗಿ ಆಗುವ ನಕಲಿನ ತಪ್ಪುಗಳೂ ಸಾಕು. ಒಂದು ಜೀವಕೋಶದಿಂದ ಸ್ಕ್ಯಾನ್‌ನಲ್ಲಿ ಕಾಣುವಷ್ಟು ದೊಡ್ಡ ಗೆಡ್ಡೆಯಾಗಲು ವರ್ಷಗಳು ಬೇಕು. ಅವರ ಕ್ಯಾನ್ಸರಿನ ಬೀಜ, ಅವರು ಸಿಗರೇಟು ಬಿಡುವ ಮೊದಲೇ ಬಿದ್ದಿರುವ ಸಾಧ್ಯತೆ ಹೆಚ್ಚು.

ಹಾಗಂತ ಬಿಟ್ಟಿದ್ದು ವ್ಯರ್ಥ ಎಂದು ಅವರಾಗಲಿ ನೀವಾಗಲಿ ದಯವಿಟ್ಟು ಅಂದುಕೊಳ್ಳಬೇಡಿ. 2020ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ 16 ಜನರ ಶ್ವಾಸನಾಳದಿಂದ ತೆಗೆದ ಜೀವಕೋಶಗಳನ್ನು ಒಂದೊಂದಾಗಿ ಬೆಳೆಸಿ ಡಿಎನ್‌ಎ ಓದಿದರು. ಸೇದುವುದನ್ನು ಬಿಟ್ಟವರಲ್ಲಿ, ಎಂದೂ ಸೇದದವರಲ್ಲಿ ಇರುವಷ್ಟೇ ಕಡಿಮೆ ಮ್ಯುಟೇಶನ್ ಇರುವ ಜೀವಕೋಶಗಳೂ ಸಿಕ್ಕವು. ಕೆಲವರಲ್ಲಿ ಅವುಗಳ ಪಾಲು ಶೇ. 20ರಿಂದ 50ರವರೆಗೆ ಇತ್ತು, ಇನ್ನೂ ಸೇದುತ್ತಿದ್ದವರಿಗಿಂತ ಸುಮಾರು ನಾಲ್ಕು ಪಟ್ಟು. ಇವು ಹಳೆಯ ಮ್ಯುಟೇಶನ್‌ಗಳನ್ನು ತಿದ್ದಿಕೊಂಡ ಜೀವಕೋಶಗಳಲ್ಲ, ಹಾಗೆ ತಿದ್ದಿಕೊಳ್ಳಲು ಆಗುವುದಿಲ್ಲ. ವಿಭಜನೆಯಾದಂತೆಲ್ಲ ಸವೆಯುವ ಕ್ರೋಮೋಸೋಮ್ ತುದಿಗಳು ಇವುಗಳಲ್ಲಿ ಉದ್ದವಾಗಿದ್ದವು, ಅಂದರೆ ಇವು ಹೆಚ್ಚು ಸಲ ವಿಭಜನೆಯಾಗಿರಲಿಲ್ಲ. ಹಾನಿಯಿಂದ ಪಾರಾಗಿ ಉಳಿದಿದ್ದ ಜೀವಕೋಶಗಳು ಹೊಗೆ ನಿಂತ ಮೇಲೆ ಬೆಳೆದು ಒಳಪದರದ ಜಾಗವನ್ನು ಮತ್ತೆ ಹಿಡಿದುಕೊಳ್ಳುತ್ತಿದ್ದವು. ಬಿಟ್ಟ ಮೇಲೆ ವರ್ಷಗಳು ಕಳೆದಂತೆ ಅಪಾಯ ಇಳಿಯುತ್ತಾ ಹೋಗುವುದಕ್ಕೆ ಇದೂ ಒಂದು ಕಾರಣವಿರಬೇಕು. ಆದರೆ ಕೆಟ್ಟ ಜೀವಕೋಶಗಳ ವಂಶವೂ ಪಕ್ಕದಲ್ಲೇ ಉಳಿದಿರುವುದರಿಂದ, ಆ ಅಪಾಯ ಎಂದೂ ಸೇದದವರ ಮಟ್ಟಕ್ಕೆ ಪೂರ್ತಿ ಇಳಿಯುವುದಿಲ್ಲ.